ಸಿಂಹವೂ ನೀವೇ, ಮಕರವೂ ನೀವೇ

*‘ನಾನು ಹುಟ್ಟಿದ್ದು 2000ದ ಆಗಸ್ಟ್ 15, ಬೆಳಗ್ಗೆ ಒಂಬತ್ತೂವರೆಗೆ, ಚಿಂತಾಮಣಿಯಲ್ಲಿ. ಇಂಗ್ಲಿಷ್ ಪೇಪರ್ ನನ್ನನ್ನು ಸಿಂಹ ಅನ್ನುತ್ತೆ, ಅಜ್ಜಿ ಮಕರ ಅಂತಾರೆ. ಅದೇ ದಿನ ಸಂಜೆ ಐದೂವರೆಗೆ ಹುಟ್ಟಿದ ಪಕ್ಕದ ಮನೆ ಹುಡುಗ ಕುಂಭ ರಾಶಿಯಂತೆ! ಯಾವ ಭವಿಷ್ಯ ಓದಲಿ?’*
*– ಓದುಗರೊಬ್ಬರು, ಚಿಂತಾಮಣಿ*

ಯಾರೂ ಸುಳ್ಳು ಹೇಳಿಲ್ಲ. ಪೇಪರ್ ನೋಡಿದ್ದು ಒಂದನ್ನು, ಅಜ್ಜಿ ನೋಡಿದ್ದು ಇನ್ನೊಂದನ್ನು, ಅಷ್ಟೆ.

ಇಂಗ್ಲಿಷ್ ಪೇಪರ್ ನೋಡೋದು ಸೂರ್ಯನನ್ನು ಮಾತ್ರ. ಅವನು ಒಂದು ರಾಶಿಯಲ್ಲಿ ಸುಮಾರು ಒಂದು ತಿಂಗಳು ಇರುತ್ತಾನೆ. ಹುಟ್ಟಿದ ತಾರೀಖು ಗೊತ್ತಿದ್ದರೆ ಸಾಕು, ಗಂಟೆ ಬೇಡ, ಊರು ಬೇಡ. ಪತ್ರಿಕೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಇನ್ನೊಂದು ತಮಾಷೆ ಕೇಳಿ. ಪಾಶ್ಚಾತ್ಯ ಲೆಕ್ಕಕ್ಕೂ ನಮ್ಮ ಪಂಚಾಂಗಕ್ಕೂ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ. ನಮ್ಮ ಪ್ರಕಾರ ಆವತ್ತು ಸೂರ್ಯ ಇನ್ನೂ ಕರ್ಕಾಟಕದಲ್ಲೇ ಇದ್ದ, ಸಿಂಹ ಸಂಕ್ರಮಣ ಆಗಿದ್ದು ಮಾರನೇ ದಿನ.

ನಿಮ್ಮಜ್ಜಿ ನೋಡಿದ್ದು ಚಂದ್ರನನ್ನು. ಅವನು ರಾಶಿ ಬದಲಿಸಲು ಎರಡೂಕಾಲು ದಿನ ಸಾಕು. ಆವತ್ತು ನೂಲ ಹುಣ್ಣಿಮೆ, ಧನಿಷ್ಠಾ ನಕ್ಷತ್ರ. ಈ ನಕ್ಷತ್ರದ ಮೊದಲೆರಡು ಪಾದ ಮಕರಕ್ಕೆ, ಉಳಿದೆರಡು ಕುಂಭಕ್ಕೆ ಸೇರುತ್ತವೆ. ನೀವು ಹುಟ್ಟಿದಾಗ ಎರಡನೇ ಪಾದ. ಮಧ್ಯಾಹ್ನ ಒಂದರ ಸುಮಾರಿಗೆ ಚಂದ್ರ ಕುಂಭಕ್ಕೆ ಹೋದ, ಹುಡುಗ ಮೂರನೇ ಪಾದದಲ್ಲಿ ಹುಟ್ಟಿದ. ನಕ್ಷತ್ರ ಒಂದೇ, ರಾಶಿ ಬೇರೆ. ಹೆಸರಿನ ಅಕ್ಷರವೂ ನಿಮಗೆ ‘ಗಿ’, ಅವನಿಗೆ ‘ಗು’.

ಲಗ್ನದ ಓಟ ಇನ್ನೂ ಜಾಸ್ತಿ. ಆ ಗಳಿಗೆಯಲ್ಲಿ ಪೂರ್ವದಲ್ಲಿ ಮೇಲೇಳುತ್ತಿರುವ ರಾಶಿಯೇ ಲಗ್ನ, ಹೆಚ್ಚುಕಮ್ಮಿ ಎರಡು ಗಂಟೆಗೊಮ್ಮೆ ಬದಲಾಗುತ್ತೆ. ನಿಮ್ಮದು ಕನ್ಯಾ ಲಗ್ನ, ಅವನದು ಮಕರ. ಶಾಸ್ತ್ರದಲ್ಲಿ ದೇಹ, ಸ್ವಭಾವವನ್ನು ಲಗ್ನದಿಂದ, ಮನಸ್ಸನ್ನು ಚಂದ್ರನಿಂದ ನೋಡುತ್ತಾರೆ. ಹನ್ನೆರಡು ಮನೆಗಳ ಎಣಿಕೆ ಶುರುವಾಗುವುದೂ ಲಗ್ನದಿಂದಲೇ.

ಎಣಿಕೆ ಎಲ್ಲಿಂದ ಶುರು ಮಾಡ್ತೀರಿ ಅನ್ನೋದರ ಮೇಲೆ ಫಲವೇ ಬದಲಾಗುತ್ತೆ. 2024ರ ಮೇನಲ್ಲಿ ನಮ್ಮ ಪಂಚಾಂಗದಂತೆ ಗುರು ವೃಷಭಕ್ಕೆ ಬಂದ. ಸಿಂಹದಿಂದ ಎಣಿಸಿದರೆ ಅದು ಹತ್ತನೇ ಮನೆ, ಅಂದರೆ ಕೆಲಸದ ಮಾತು. ಗೋಚಾರದಲ್ಲಿ, ಅಂದರೆ ಗ್ರಹಗಳ ಚಲನೆ ನೋಡಿ ಫಲ ಹೇಳುವಾಗ, ಹತ್ತರ ಗುರುವನ್ನು ಅಷ್ಟು ಒಳ್ಳೆಯದು ಅನ್ನಲ್ಲ. ನಿಮ್ಮ ಮಕರದಿಂದ ಐದನೇ ಮನೆ, ಶುಭ. ಲಗ್ನದಿಂದ ಒಂಬತ್ತು, ಭಾಗ್ಯಸ್ಥಾನ. ಗುರು ಇದ್ದದ್ದು ಒಂದೇ ಜಾಗದಲ್ಲಿ, ಮಾತು ಮೂರು ಬಗೆ. ಇದೆಲ್ಲ ನಿಜವಾಗುತ್ತಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಪುರಾವೆ ನನ್ನ ಹತ್ತಿರ ಇಲ್ಲ. ಲೆಕ್ಕದ ಮಟ್ಟಿಗೆ ಹೇಳ್ತಿದ್ದೇನೆ.

ಕನ್ನಡ ಪತ್ರಿಕೆಗಳ ದಿನಭವಿಷ್ಯ ಸಾಮಾನ್ಯವಾಗಿ ಚಂದ್ರರಾಶಿಯದ್ದು, ಅಲ್ಲಿ ಮಕರ ಓದಿ. ತಾರೀಖು ಹಾಕಿರುವ ಅಂಕಣವಾದರೆ ಸಿಂಹ. ಲಗ್ನಕ್ಕೆ ಮಾತ್ರ ಗಂಟೆ ಖಚಿತವಿರಬೇಕು, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಜಾರುತ್ತೆ. ಒಂಬತ್ತೂವರೆ ಅನ್ನೋದು ಅರ್ಧ ಗಂಟೆ ಆಚೀಚೆ ಆದರೂ ನಿಮ್ಮ ಕನ್ಯಾ ಉಳಿಯುತ್ತೆ. ಹತ್ತೂವರೆ ಆಗಿದ್ದರೆ ತುಲಾ ಬಂದಿರುತ್ತಿತ್ತು. ಆಸ್ಪತ್ರೆಯ ಚೀಟಿ ಮನೆಯಲ್ಲಿದ್ದರೆ ಒಮ್ಮೆ ತೆಗೆದು ನೋಡಿ.