ರೋಯಿಂಗ್ ಮಷೀನ್: ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ

ಪ್ರಶ್ನೆ: ನನಗೆ 36 ವರ್ಷ. ಅಪಾರ್ಟ್‌ಮೆಂಟ್ ಜಿಮ್‌ನಲ್ಲಿ ಮೂರು ತಿಂಗಳಿಂದ ರೋಯಿಂಗ್ ಮಷೀನ್ ಮಾಡ್ತಿದ್ದೀನಿ. 2000 ಮೀಟರ್‌ಗೆ 9 ನಿಮಿಷ 8 ಸೆಕೆಂಡ್ ಆಗುತ್ತೆ, ಅದಕ್ಕಿಂತ ಕೆಳಗೆ ಇಳೀತಾನೇ ಇಲ್ಲ. ಪ್ರತಿ 500 ಮೀಟರ್‌ಗೆ ತಗೊಂಡ ಟೈಮ್ 1:55, 2:12, 2:27, 2:34. ಸ್ಟ್ರೋಕ್ ರೇಟ್ 32ರ ಆಸುಪಾಸು. ಗಾಳಿಯ ಲಿವರ್ ಯಾವಾಗಲೂ 10ರಲ್ಲಿ. ಮುಗಿದ ಮೇಲೆ ಕಾಲಿಗೆ ಏನೂ ಅನ್ಸಲ್ಲ, ಸೊಂಟ ಮತ್ತು ಮುಂಗೈ ಹಿಡ್ಕೊಳ್ಳುತ್ತೆ. ನನ್ನ ಫಿಟ್‌ನೆಸ್ ಕಮ್ಮಿನಾ, ಮಾಡೋ ರೀತಿ ತಪ್ಪಾ?
— ಮೈಸೂರಿನ ಓದುಗರೊಬ್ಬರು

ಉತ್ತರ: ಮಾಡುವ ರೀತಿಯೇ ತಪ್ಪು. ಕಾಲು ಸುಸ್ತಾಗದೆ ಸೊಂಟ ಹಿಡಿದುಕೊಳ್ಳುತ್ತಿದೆ ಅಂದರೆ, ಕಾಲು ಮಾಡಬೇಕಾದ ಕೆಲಸವನ್ನು ಬೆನ್ನು ಮಾಡುತ್ತಿದೆ ಅಂತಲೇ ಅರ್ಥ. ಈ ಮಷೀನ್ ನೋಡುವುದಕ್ಕೆ ಕೈಯಲ್ಲಿ ಎಳೆಯುವ ಹಾಗೆ ಕಾಣುತ್ತೆ, ಆದರೆ ಇದು ಕಾಲಲ್ಲಿ ತಳ್ಳುವ ಮಷೀನ್. ನೆಲದಲ್ಲಿರುವ ಅಕ್ಕಿ ಮೂಟೆಯನ್ನು ತಿಳಿದವರು ಹೇಗೆ ಎತ್ತುತ್ತಾರೆ ನೋಡಿ. ಕುಕ್ಕರಗಾಲಲ್ಲಿ ಕೂತು, ಬೆನ್ನು ಬಿಗಿ ಹಿಡಿದು, ಕಾಲಿನ ಬಲದಲ್ಲಿ ಏಳುತ್ತಾರೆ. ತೋಳು ಹಗ್ಗದ ಹಾಗೆ ಸುಮ್ಮನೆ ಹಿಡಿದುಕೊಂಡಿರುತ್ತೆ, ಅಷ್ಟೇ. ಇಲ್ಲೂ ಅದೇ ಕ್ರಮ, ಮಲಗಿಸಿಟ್ಟ ಹಾಗೆ.

ಸ್ಟ್ರೋಕ್ ಶುರುವಾಗುವ ಜಾಗದಲ್ಲಿ, ಅಂದರೆ ಸೀಟ್ ಪೂರ್ತಿ ಮುಂದೆ ಬಂದಾಗ, ಮೊಣಕಾಲಿನ ಕೆಳಗಿನ ಎಲುಬು ನೆಟ್ಟಗೆ ನಿಂತಿರಬೇಕು. ತೋಳು ನೇರ. ಮೈ ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿರಬೇಕು, ಗಡಿಯಾರದ ಮುಳ್ಳು 1ರ ಮೇಲಿದ್ದಷ್ಟು ಮಾತ್ರ. ಈಗ ಕಾಲಿನಿಂದ ತಳ್ಳಿ. ಆ ಹೊತ್ತಲ್ಲಿ ಬೆನ್ನಿನ ಕೋನ ಬದಲಾಗಬಾರದು, ತೋಳು ಮಡಚಬಾರದು. ಹ್ಯಾಂಡಲ್ ಮೊಣಕಾಲಿನ ಹತ್ತಿರ ಬಂದಾಗ ಮೈಯನ್ನು 11ರ ಮುಳ್ಳಿನಷ್ಟು ಹಿಂದಕ್ಕೆ ಬಿಡಿ. ಕೊನೆಗೆ, ಕಾಲು ಚಾಚಿ ಮೈ ಹಿಂದಕ್ಕೆ ಬಂದ ಮೇಲೆ, ಕೈ ಹ್ಯಾಂಡಲನ್ನು ಪಕ್ಕೆಲುಬಿನ ಕೆಳಗಿನ ಅಂಚಿಗೆ ತರಬೇಕು. ಗಲ್ಲದ ಕೆಳಗಲ್ಲ, ಹೊಟ್ಟೆಗೂ ಅಲ್ಲ.

ಈ ಕ್ರಮಕ್ಕೆ ಕಾರಣ ಇದೆ. ಸ್ಟ್ರೋಕ್‌ನ ಶುರುವಿನಲ್ಲಿ ಚಕ್ರ ನಿಧಾನವಾಗಿರುತ್ತೆ, ಚೈನ್ ಭಾರ ಅನಿಸುತ್ತೆ, ಅದಕ್ಕೆ ದೊಡ್ಡ ಸ್ನಾಯು ಬೇಕು. ಕೊನೆಗೆ ಚಕ್ರ ಜೋರಾಗಿ ತಿರುಗುತ್ತಿರುತ್ತೆ, ಆಗ ಬೇಕಿರುವುದು ಚುರುಕು, ಅದು ಕೈಗೆ ಸಾಕು. ನೀವು ತಳ್ಳುವಾಗಲೇ ತೋಳು ಮಡಚಿಬಿಟ್ಟರೆ ಇಡೀ ಕಾಲಿನ ಬಲ ಮೊಣಕೈಯಲ್ಲಿ ಸಿಕ್ಕಿಕೊಳ್ಳುತ್ತೆ. ನಿಮ್ಮ ಮುಂಗೈ ನೋವು ಅಲ್ಲಿಂದ ಬಂದಿರಬಹುದು, ಜೊತೆಗೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದರಿಂದಲೂ. ಬೆರಳು ಕೊಕ್ಕೆಯ ಹಾಗಿದ್ದರೆ ಸಾಕು.

ಸೊಂಟದ ನೋವಿಗೆ ಕಾರಣ ಇನ್ನೊಂದು ತಪ್ಪು, ನನ್ನ ಪ್ರಕಾರ ನಿಮ್ಮದು ಇದೇ. ತಳ್ಳಿದ ಕೂಡಲೇ ಸೀಟ್ ಹಿಂದಕ್ಕೆ ಓಡುತ್ತೆ, ಹ್ಯಾಂಡಲ್ ಮಾತ್ರ ಇದ್ದಲ್ಲೇ ಇರುತ್ತೆ. ಕಾಲು ಖಾಲಿ ತಳ್ಳಿ ಮುಗಿಸಿರುತ್ತೆ. ಆಮೇಲೆ ಮುಂದಕ್ಕೆ ಬಗ್ಗಿ ಹೋದ ಬೆನ್ನು ಒಂಟಿಯಾಗಿ ಇಡೀ ಭಾರ ಎಳೆಯಬೇಕು, ಒಂದು 2000 ಮೀಟರ್‌ನಲ್ಲಿ ಮುನ್ನೂರು ಸಲದ ಹತ್ತಿರ ಹತ್ತಿರ. ಪರೀಕ್ಷೆ ಮಾಡುವುದು ಸುಲಭ. ಯಾರಿಗಾದರೂ ಹೇಳಿ ಸೀಟಿನ ಎತ್ತರದಲ್ಲಿ ಫೋನ್ ಹಿಡಿದು ಪಕ್ಕದಿಂದ ಹತ್ತು ಸೆಕೆಂಡ್ ವಿಡಿಯೊ ಮಾಡಿಸಿ, ನಿಧಾನ ಮಾಡಿ ನೋಡಿ. ಸೀಟ್ ಒಂದು ಗೇಣು ಹಿಂದೆ ಹೋದರೆ ಹ್ಯಾಂಡಲ್ ಕೂಡ ಒಂದು ಗೇಣು ಹೋಗಿರಬೇಕು. ಸೀಟ್ ಜಾಸ್ತಿ ಹೋಗಿ ಹ್ಯಾಂಡಲ್ ಕಮ್ಮಿ ಹೋಗಿದ್ದರೆ ತಪ್ಪು ಸಿಕ್ಕಿತು. ನಿಮ್ಮ ಮಷೀನಿನಲ್ಲಿ PM5 ಮಾನಿಟರ್ ಇದ್ದರೆ Change Display ಒತ್ತುತ್ತಾ ಹೋಗಿ, ಎಳೆತದ ಬಲವನ್ನು ಗೆರೆಯಲ್ಲಿ ತೋರಿಸುವ Force Curve ಬರುತ್ತೆ. ಸರಿಯಾದ ಸ್ಟ್ರೋಕ್ ಒಂದೇ ಗುಡ್ಡದ ಹಾಗೆ ಏರಿ ಇಳಿಯುತ್ತೆ. ಮಧ್ಯದಲ್ಲಿ ತಗ್ಗು ಬಿದ್ದು ಎರಡು ಗುಡ್ಡ ಕಂಡರೆ, ಕಾಲು ಬಿಟ್ಟ ಕಡೆ ಬೆನ್ನು ಹಿಡಿದುಕೊಂಡಿಲ್ಲ, ನಡುವೆ ಕೊಂಡಿ ಕಳಚಿದೆ.

ಆದರೆ ಈ ತಪ್ಪು ಹುಟ್ಟುವುದು ತಳ್ಳುವಾಗ ಅಲ್ಲ. ಅದಕ್ಕೆ ಮುಂಚೆ, ಮುಂದಕ್ಕೆ ವಾಪಸ್ ಬರುವಾಗ. ಇದನ್ನು ತುಂಬಾ ಜನ ಗಮನಿಸುವುದೇ ಇಲ್ಲ.

ಮರಳುವಾಗ ಕ್ರಮ ತಿರುಗಬೇಕು: ಕೈ, ಬೆನ್ನು, ಕಾಲು. ಮೊದಲು ತೋಳು ನೇರ ಆಗಬೇಕು. ಆಮೇಲೆ ಮೈ ಸೊಂಟದಿಂದ ಮುಂದಕ್ಕೆ ಬಾಗಬೇಕು. ಹ್ಯಾಂಡಲ್ ಮೊಣಕಾಲು ದಾಟಿದ ಮೇಲೆ ಮಾತ್ರ ಮೊಣಕಾಲು ಏಳಬೇಕು. ಅವಸರದಲ್ಲಿರುವವರು ಮೊಣಕಾಲನ್ನೇ ಮೊದಲು ಎತ್ತುತ್ತಾರೆ. ಆಗ ಹ್ಯಾಂಡಲ್‌ಗೆ ದಾರಿ ಇಲ್ಲದೆ ಅದನ್ನು ಮೊಣಕಾಲಿನ ಮೇಲೆ ಹಾರಿಸಿ ತರಬೇಕಾಗುತ್ತೆ, ನಿಮ್ಮ ಚೈನ್ ಮೇಲೆ ಕೆಳಗೆ ಅಲೆಯಾಡುತ್ತಿದ್ದರೆ ಇದೇ ಆಗುತ್ತಿದೆ. ಮೈ ಹಿಂದೆಯೇ ಉಳಿದಿರುತ್ತೆ, ಸೀಟ್ ಮುಂದೆ ಬಂದು ಬಡಿಯುತ್ತೆ, ಕೊನೇ ಗಳಿಗೆಯಲ್ಲಿ ಬೆನ್ನು ಗೂನು ಮಾಡಿ ಕೈ ಚಾಚುತ್ತೀರಿ. ಆ ಗೂನು ಬೆನ್ನಿನಲ್ಲೇ ಕಾಲು ತಳ್ಳುತ್ತೆ. ಬೆನ್ನು ಬಿಗಿಯಾಗಿಲ್ಲದೆ ಇದ್ದಾಗ ಸೀಟ್ ಓಡದೆ ಇನ್ನೇನು ಮಾಡುತ್ತೆ?

ಇಲ್ಲಿಗೆ ನಿಮ್ಮ 32ರ ರೇಟ್ ಬರುತ್ತೆ. ನಿಮಿಷಕ್ಕೆ 32 ಅಂದರೆ ಒಂದು ಸ್ಟ್ರೋಕ್‌ಗೆ ಎರಡು ಸೆಕೆಂಡ್ ಕೂಡ ಇಲ್ಲ. ಅಷ್ಟರಲ್ಲಿ ಕೈ, ಬೆನ್ನು, ಕಾಲು ಅಂತ ಬಿಡಿಸಿ ಮರಳುವುದು ವರ್ಷಗಟ್ಟಲೆ ದೋಣಿಯಲ್ಲಿ ಹುಟ್ಟು ಹಾಕಿದವರಿಗೆ ಆಗುತ್ತೆ, ಮೂರು ತಿಂಗಳಿನವರಿಗೆ ಆಗಲ್ಲ. ನಿಧಾನದ ಸ್ಟ್ರೋಕ್‌ನಲ್ಲಿ ತಳ್ಳಲು ಒಂದು ಪಾಲು, ಮರಳಲು ಎರಡು ಪಾಲು ಸಮಯ ಇರಬೇಕು. ರೇಟ್ ಅಂದರೆ ವೇಗ ಅಲ್ಲ, ಎಷ್ಟು ಸಲ ಎಳೆದಿರಿ ಅನ್ನುವ ಎಣಿಕೆ ಅಷ್ಟೇ. ನಿಮ್ಮ ಸರಾಸರಿ 2:17. ಅದೇ ವೇಗಕ್ಕೆ 32ರಲ್ಲಿ ಒಂದೊಂದು ಸ್ಟ್ರೋಕ್ ನಿಮ್ಮನ್ನು 6.8 ಮೀಟರ್ ಒಯ್ಯುತ್ತಿದೆ, 24ರ ರೇಟ್‌ನಲ್ಲಿ ಮಾಡಿದರೆ 9.1 ಮೀಟರ್ ಒಯ್ಯಬೇಕು. ಕಾಲು ಕೆಲಸ ಮಾಡಿದರೆ ಈ 9 ಮೀಟರ್ ಬರುತ್ತೆ, ಕೈಯಲ್ಲಿ ಎಳೆದರೆ ಎಂದಿಗೂ ಬರಲ್ಲ. ಹಾಗಾಗಿ ನಿಮಗೆ ರೇಟ್ ಇಳಿಸುವುದೇ ದೊಡ್ಡ ಪರೀಕ್ಷೆ.

ಲಿವರ್ ವಿಷಯ ಬೇಗ ಹೇಳಿಬಿಡುತ್ತೇನೆ. 10 ಅಂದರೆ ಚಕ್ರದ ಗೂಡಿಗೆ ಜಾಸ್ತಿ ಗಾಳಿ, ಹಾಗಾಗಿ ಎರಡು ಸ್ಟ್ರೋಕ್ ನಡುವೆ ಚಕ್ರ ಬೇಗ ನಿಧಾನ ಆಗುತ್ತೆ, ಪ್ರತಿ ಸಲ ಹೊಸದಾಗಿ ಭಾರ ಎತ್ತಿದ ಹಾಗೆ. ಮಾನಿಟರ್ ಇದನ್ನೂ ಲೆಕ್ಕಕ್ಕೆ ತಗೊಂಡೇ ಮೀಟರ್ ತೋರಿಸುತ್ತೆ, 10ರಲ್ಲಿಟ್ಟರೆ ಒಂದು ಮೀಟರೂ ಪುಕ್ಕಟೆ ಸಿಗಲ್ಲ. 4ಕ್ಕೆ ಇಳಿಸಿ. ಜಿಮ್ ಮಷೀನಿನಲ್ಲಿ ಧೂಳು ತುಂಬಿದ್ದರೆ 4 ಕೂಡ ಹಗುರ ಅನಿಸಬಹುದು, ಆಗ More Options ಒಳಗೆ ಗಾಳಿಯ ತಡೆಯನ್ನು ಅಂಕಿಯಲ್ಲಿ ತೋರಿಸುವ Display Drag Factor ನೋಡಿ, ಅದು 110ರಿಂದ 125ರ ಒಳಗೆ ಬರುವ ಹಾಗೆ ಲಿವರ್ ಸರಿಮಾಡಿಕೊಳ್ಳಿ.

ಇನ್ನು ವೇಗ ಹಂಚಿಕೊಳ್ಳುವ ತಪ್ಪು. ಮೊದಲ ಹತ್ತು ಹದಿನೈದು ಸೆಕೆಂಡ್ ಎಲ್ಲರಿಗೂ ಹಗುರ ಅನಿಸುತ್ತೆ, ಯಾಕಂದರೆ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿ ಖರ್ಚಾಗುತ್ತಿರುತ್ತೆ, ಉಸಿರು ಇನ್ನೂ ಏರಿರಲ್ಲ. ಅದನ್ನು ನಂಬಿ 1:55ರಲ್ಲಿ ಹೊರಟಿರಿ. ಈ ಮಷೀನಿನಲ್ಲಿ ಶಕ್ತಿ ವೇಗದ ಮೂರನೇ ಘಾತದಲ್ಲಿ ಏರುತ್ತೆ, ಸೂತ್ರ ಇದು:

```
watts = 2.80 / (seconds / metres)^3
```

ನಿಮ್ಮ ಮೊದಲ 500ಕ್ಕೆ ಹಾಕಿ ನೋಡಿ. 115 ಸೆಕೆಂಡನ್ನು 500ರಿಂದ ಭಾಗಿಸಿದರೆ 0.23, ಅದಕ್ಕೆ ಬರುವುದು 230 ವಾಟ್. ಉಳಿದ ಮೂರಕ್ಕೆ ಸುಮಾರು 152, 110, 96. ನಿಮ್ಮ ಸರಾಸರಿ ವೇಗ 2:17ಕ್ಕೆ ಬೇಕಿರುವುದು 136 ವಾಟ್ ಮಾತ್ರ. ಅಂದರೆ ಮೊದಲ ಕಾಲು ಭಾಗದಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಖರ್ಚು ಮಾಡಿದಿರಿ. ಇನ್ನೂ ಒಂದು ಲೆಕ್ಕ ಇದೆ. ನಾಲ್ಕೂ ಭಾಗದಲ್ಲಿ ನೀವು ಹಾಕಿದ ಶಕ್ತಿಯನ್ನು ಸಮಯದ ಮೇಲೆ ಹಂಚಿದರೆ 141 ವಾಟ್ ಬರುತ್ತೆ. ಆ 141ನ್ನೇ ಶುರುವಿನಿಂದ ಕೊನೆವರೆಗೆ ಒಂದೇ ಸಮ ಇಟ್ಟಿದ್ದರೆ 2000 ಮೀಟರ್ 9:02ರ ಹತ್ತಿರ ಮುಗಿಯುತ್ತಿತ್ತು. ಅದೇ ಬೆವರು, ಅದೇ ಫಿಟ್‌ನೆಸ್, ಆರು ಸೆಕೆಂಡ್ ಕಮ್ಮಿ. ಸುಸ್ತಾದ ಮೇಲೆ ಸ್ಟ್ರೋಕ್‌ನ ಕ್ರಮ ಕೆಟ್ಟು ಕಳೆದುಕೊಂಡದ್ದು ಇದರಲ್ಲಿ ಸೇರಿಲ್ಲ. ಎರಡನೇ 500ರಲ್ಲಿ ವೇಗ ಬಿದ್ದಾಗ ಗಾಬರಿಯಲ್ಲಿ ರೇಟ್ ಹಿಡಿದುಕೊಳ್ಳಲು ನೋಡಿದಿರಿ, ಅದಕ್ಕೆ ಮರಳುವುದು ಅವಸರ ಆಯಿತು, ಕ್ರಮ ಕೆಟ್ಟಿತು, ಬೆನ್ನು ಎಳೆಯಿತು, ವೇಗ ಮತ್ತೆ ಬಿತ್ತು. ನಿಮ್ಮ ಟೈಮ್ ನಿಂತಿರುವುದಕ್ಕೂ ಸೊಂಟದ ನೋವಿಗೂ ಬೇರು ಒಂದೇ.

ಹಾಗಾಗಿ ಮೂರು ವಾರ 2000 ಮೀಟರ್ ಟೈಮ್ ನೋಡಬೇಡಿ. ವಾರಕ್ಕೆ ಮೂರು ದಿನ ಸಾಕು. ಕೂತ ಕೂಡಲೇ ಹತ್ತು ಸ್ಟ್ರೋಕ್ ಬರೀ ಕಾಲಲ್ಲಿ ಮಾಡಿ: ಮೈ ಮುಂದಕ್ಕೇ ಬಾಗಿರಲಿ, ತೋಳು ನೇರ, ಕಾಲು ಮಾತ್ರ ತಳ್ಳಿ ವಾಪಸ್. ಇಲ್ಲಿ ಸೀಟ್ ಓಡಿದರೆ ಚೈನ್ ಸಡಿಲ ಆಗಿದ್ದು ಕೈಗೇ ಗೊತ್ತಾಗುತ್ತೆ. ಆಮೇಲೆ ಹತ್ತು ಪೂರ್ತಿ ಸ್ಟ್ರೋಕ್, ಆದರೆ ಮರಳುವಾಗ ಕೈ ಚಾಚಿ ಮೈ ಬಾಗಿಸಿದ ಮೇಲೆ, ಮೊಣಕಾಲು ಏಳುವ ಮುಂಚೆ, ಒಂದು ಸೆಕೆಂಡ್ ನಿಲ್ಲಿ. ಈ ನಿಲ್ಲುವುದೇ ನಿಮಗೆ ಔಷಧಿ. ನಂತರ 20 ನಿಮಿಷ, ರೇಟ್ 20ರಲ್ಲಿ, ವೇಗ 2:35ರಿಂದ 2:40. ಮೊದಲ ದಿನ ಇಷ್ಟು ನಿಧಾನ ಯಾಕೆ ಅನಿಸುತ್ತೆ, ಹತ್ತನೇ ನಿಮಿಷಕ್ಕೆ ತೊಡೆ ಮಾತಾಡಲು ಶುರು ಮಾಡುತ್ತೆ. ಅದು ಸರಿಯಾದ ಗುರುತು. ರೇಟ್ 20ರಲ್ಲೇ ಇದ್ದು 2:30 ಬಂದ ದಿನ ಒಂದು ಸ್ಟ್ರೋಕ್‌ಗೆ ಸರಿಯಾಗಿ 10 ಮೀಟರ್ ಹೋಗುತ್ತಿದ್ದೀರಿ.

ಸೊಂಟದ ನೋವು ಮಷೀನ್ ಬಿಟ್ಟ ಮರುದಿನವೂ ಇದ್ದರೆ, ಇಲ್ಲಾ ಕಾಲಿಗೆ ಇಳಿದರೆ, ಜೋಮು ಹಿಡಿದರೆ ಇದ್ಯಾವುದನ್ನೂ ಮಾಡಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ವಿಡಿಯೊ ನೋಡಿ ಸರಿಮಾಡುವ ವಿಷಯ ಅಲ್ಲ ಅದು.

ನಾಲ್ಕನೇ ವಾರ 2000 ಮೀಟರ್ ಮತ್ತೆ ಮಾಡಿ. ಮೊದಲ 500 ಮೀಟರ್ 2:17, ಅದಕ್ಕಿಂತ ಒಂದು ಸೆಕೆಂಡ್ ಕೂಡ ಮುಂದೆ ಹೋಗಬೇಡಿ, ಮೈ ಎಷ್ಟೇ ಹಗುರ ಅನಿಸಿದರೂ. ಎರಡನೆಯದು, ಮೂರನೆಯದು 2:16. ಕಷ್ಟ ಇರುವುದು ಮೂರನೆಯದರಲ್ಲಿ, ಆಗ ರೇಟ್ ಏರಿಸದೆ ಕಾಲು ಇನ್ನೂ ಗಟ್ಟಿಯಾಗಿ ತಳ್ಳಿ. ರೇಟ್ ಅಲ್ಲಿವರೆಗೂ 24, 25ರಲ್ಲೇ ಇರಲಿ. ಕೊನೇ 500ರಲ್ಲಿ ಉಳಿದದ್ದನ್ನು ಹಾಕಿ, 2:11 ಬಂದರೆ ಸರಿಯಾಗಿ 9 ನಿಮಿಷ. ಮುಗಿದ ಮೇಲೆ ಎದ್ದು ನಿಂತು ನೋಡಿ. ತೊಡೆ ನಡುಗುತ್ತಿದ್ದರೆ ಮುಂದಿನ ಸಲ ಎರಡು ಸೆಕೆಂಡ್ ಇಳಿಸಿ ಹೊರಡಬಹುದು. ಸೊಂಟವೇ ಹಿಡಿದುಕೊಂಡಿದ್ದರೆ ಮತ್ತೆ ಪಕ್ಕದಿಂದ ವಿಡಿಯೊ ಮಾಡಿಸಿ, ಕೊನೇ 500 ಮೀಟರ್‌ನದ್ದು.