ಹೋಲಿಕೆಯ ಮಿತಿ ಎಷ್ಟಿರಬೇಕು?

ಪ್ರಶ್ನೆ: ನಮ್ಮ ಕ್ಯಾಟಲಾಗ್‌ನಲ್ಲಿ ಸುಮಾರು 10 ಲಕ್ಷ ನಮೂದುಗಳಿವೆ. ಶೀರ್ಷಿಕೆಗಳ ಜಕಾರ್ಡ್ ಹೋಲಿಕೆ 0.7 ದಾಟಿದರೆ ಒಂದೇ ವಸ್ತುವೆಂದು ಸೇರಿಸುತ್ತೇವೆ. ಆದರೆ ಬೇರೆ ಅಳತೆಯವು ಒಂದಾಗುತ್ತಿವೆ, ನಿಜವಾದ ನಕಲುಗಳು ಉಳಿಯುತ್ತಿವೆ. ಮಿತಿಯನ್ನು ಏರಿಸಬೇಕೇ, ಇಳಿಸಬೇಕೇ?

ಉತ್ತರ: ಎರಡರಿಂದಲೂ ಪ್ರಯೋಜನವಾಗದು, ಏಕೆಂಬುದನ್ನು ಮೂರು ಶೀರ್ಷಿಕೆಗಳಲ್ಲೇ ನೋಡಬಹುದು.

ಮೊದಲನೆಯದು ‘ಸ್ಟೀಲ್ ನೀರಿನ ಬಾಟಲಿ 500 ಮಿಲಿ ನೀಲಿ’, ಎರಡನೆಯದು ‘ಸ್ಟೀಲ್ ನೀರಿನ ಬಾಟಲಿ 750 ಮಿಲಿ ನೀಲಿ’, ಮೂರನೆಯದು ‘ನೀರಿನ ಬಾಟಲಿ, ಸ್ಟೀಲ್, ನೀಲಿ ಬಣ್ಣ, ಅರ್ಧ ಲೀಟರ್’ ಎಂದಿರಲಿ. ಎರಡೂ ಕಡೆ ಇರುವ ಪದಗಳ ಸಂಖ್ಯೆಯನ್ನು ಒಟ್ಟು ಭಿನ್ನ ಪದಗಳ ಸಂಖ್ಯೆಯಿಂದ ಭಾಗಿಸಿದರೆ ಜಕಾರ್ಡ್ ಅಂಕ ಸಿಗುತ್ತದೆ. ಮೊದಲೆರಡು ಬೇರೆ ವಸ್ತುಗಳಾದರೂ ಅವುಗಳ ಅಂಕ 5/7, ಅಂದರೆ 0.71, ಮೊದಲನೆಯದು ಮತ್ತು ಮೂರನೆಯದು ಒಂದೇ ವಸ್ತುವಾದರೂ ಅವುಗಳ ಅಂಕ 4/9, ಅಂದರೆ 0.44. ತಪ್ಪು ಜೋಡಿಯೇ ಸರಿಯಾದ ಜೋಡಿಗಿಂತ ಮೇಲಿರುವಾಗ ನಡುವೆ ಎಲ್ಲಿ ಗೆರೆ ಎಳೆದರೂ ಅವು ಬೇರ್ಪಡುವುದಿಲ್ಲ. ಹೋಲಿಕೆಯ ಲೆಕ್ಕಕ್ಕೆ ‘750’ ಎಂಬುದೂ ‘ಬಣ್ಣ’ ಎಂಬುದೂ ಒಂದೊಂದು ಪದ ಮಾತ್ರ, ಆದರೆ ಕೊಳ್ಳುವವರಿಗೆ ಹಾಗಲ್ಲ.

ಆದ್ದರಿಂದ ಅಳತೆ, ಮಾದರಿ ಸಂಖ್ಯೆ, ಬಣ್ಣ ಇವುಗಳನ್ನು ಶೀರ್ಷಿಕೆಯಿಂದ ಪ್ರತ್ಯೇಕವಾಗಿ ಹೆಕ್ಕಿ, ಎಲ್ಲ ಅಳತೆಗಳನ್ನೂ ಒಂದೇ ಮಾನಕ್ಕೆ ತನ್ನಿ. ‘ಅರ್ಧ ಲೀಟರ್’ ಎಂಬುದು ‘500 ಮಿಲಿ’ ಆದೊಡನೆ ಆ ಜೋಡಿಯ ಅಂಕ 6/7ಕ್ಕೆ, ಅಂದರೆ 0.86ಕ್ಕೆ ಏರುತ್ತದೆ. ಮೊದಲೆರಡರ ಅಂಕ ಹಾಗೆಯೇ ಉಳಿದರೂ, ಅಳತೆಗಳು ಪರಸ್ಪರ ವಿರುದ್ಧವಾಗಿದ್ದರೆ ಅಂಕ ಎಷ್ಟೇ ಇರಲಿ ಸೇರಿಸಬಾರದು ಎಂಬ ನಿಯಮ ಅವನ್ನು ತಡೆಯುತ್ತದೆ.

ಈ ಶುದ್ಧೀಕರಣ ಕೊನೆಯ ಹಂತದಲ್ಲಿ ನಡೆದರೆ ತಡವಾಗುತ್ತದೆ. 10 ಲಕ್ಷ ನಮೂದುಗಳಲ್ಲಿ ಸುಮಾರು 50,000 ಕೋಟಿ ಜೋಡಿಗಳಿರುವುದರಿಂದ ಎಲ್ಲವನ್ನೂ ಹೋಲಿಸಲಾಗದೆ, ಶೀರ್ಷಿಕೆಗಳು ಹೋಲುವಷ್ಟೂ ಅವುಗಳಿಗೆ ಒಂದೇ ಹ್ಯಾಶ್ ಸಂಖ್ಯೆ ಬರುವ ಸಾಧ್ಯತೆ ಹೆಚ್ಚುವಂತೆ ಮಾಡುವ ಮಿನ್‌ಹ್ಯಾಶ್‌ನಂತಹ ವಿಧಾನದಿಂದ ಮೊದಲು ಸಂಭಾವ್ಯ ಜೋಡಿಗಳನ್ನಷ್ಟೇ ಆರಿಸಿಕೊಳ್ಳಬೇಕಾಗುತ್ತದೆ. ಪ್ರತಿ ಶೀರ್ಷಿಕೆಗೆ 100 ಹ್ಯಾಶ್ ಮೌಲ್ಯಗಳನ್ನು ಪಡೆದು, ತಲಾ 5ರಂತೆ 20 ಗುಂಪು ಮಾಡಿ, ಯಾವುದಾದರೂ ಒಂದು ಗುಂಪು ಪೂರ್ತಿ ಹೊಂದಿದರೆ ಆ ಜೋಡಿಯನ್ನು ಪರಿಶೀಲನೆಗೆ ತೆಗೆದುಕೊಳ್ಳುತ್ತೇವೆ ಎನ್ನೋಣ. ಆಗ 0.44 ಅಂಕದ ಜೋಡಿ ಕಣ್ಣಿಗೆ ಬೀಳುವ ಸಾಧ್ಯತೆ ಸುಮಾರು ಶೇ 30 ಮಾತ್ರ, 0.86 ಅಂಕದ್ದು ಬಹುತೇಕ ಖಚಿತ. ನಿಮ್ಮಲ್ಲಿ ಉಳಿದುಹೋದ ನಕಲುಗಳಲ್ಲಿ ಹಲವು ಮಿತಿಯವರೆಗೆ ಬಂದೇ ಇರಲಾರವು.

ಇನ್ನೊಂದು ತೊಡಕಿದೆ. ಅಳತೆಯನ್ನೇ ಬರೆಯದ ‘ಸ್ಟೀಲ್ ನೀರಿನ ಬಾಟಲಿ ನೀಲಿ’ ಎಂಬ ನಮೂದಿಗೆ 500ರೊಂದಿಗೂ ವಿರೋಧವಿಲ್ಲ, 750ರೊಂದಿಗೂ ಇಲ್ಲ. ಎರಡರೊಂದಿಗೂ ಅಂಕ 0.67. ಮಿತಿಯನ್ನು 0.65ಕ್ಕೆ ಇಳಿಸಿದರೆ ಅದು ಸೇತುವೆಯಾಗಿ ನಿಂತು, ನಿಯಮ ತಡೆದಿದ್ದ ಜೋಡಿಯನ್ನೇ ಒಂದು ಗುಂಪಿಗೆ ಎಳೆಯುತ್ತದೆ. ಹೀಗಾಗಿ ಹೊಸ ನಮೂದನ್ನು ಸೇರಿಸುವಾಗ ಗುಂಪಿನ ಪ್ರತಿಯೊಂದು ಸದಸ್ಯನೊಂದಿಗೂ ವಿರೋಧವನ್ನು ಪರೀಕ್ಷಿಸಿ, ಅಳತೆ ಇಲ್ಲದವನ್ನು ತಾನಾಗಿ ಸೇರಿಸದೆ ಮನುಷ್ಯರ ಪರಿಶೀಲನೆಗೆ ಕಳುಹಿಸುವುದು ಮೇಲು.