ಕೆಫೆಯ ಪಾಸ್ತಾದಲ್ಲಿ ಎಷ್ಟು ಕ್ಯಾಲೊರಿ?

"ಅಕ್ಕಾ, ಲೀಡ್ಸ್‌ಗೆ ಓದೋಕೆ ಬಂದು ಎರಡು ತಿಂಗಳಾಯ್ತು. ಊರಲ್ಲಿದ್ದಾಗ ಚಪಾತಿ ಎಣಿಸಿ, ಅನ್ನ ಅಳೆದು ತಿನ್ನುತ್ತಿದ್ದೆ. ಇಲ್ಲಿ ಮಧ್ಯಾಹ್ನ ಕಾಲೇಜಿನ ಹತ್ತಿರದ ಕೆಫೆಯಲ್ಲಿ ಕ್ರೀಮ್ ಪಾಸ್ತಾ, ಇಲ್ಲಾಂದ್ರೆ ಚೀಸ್ ಸ್ಯಾಂಡ್‌ವಿಚ್. ಒಳಗೆ ಏನು ಎಷ್ಟು ಹಾಕಿರ್ತಾರೋ ಗೊತ್ತಾಗಲ್ಲ. ಕ್ಯಾಲೊರಿ ಲೆಕ್ಕ ಹಾಕೋದು ಹೇಗೆ?"

ಮೊದಲು ಸುಲಭದ ದಾರಿ ಹೇಳ್ತೀನಿ. ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್‌ನಿಂದ ಒಂದು ನಿಯಮ ಇದೆ. 250 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಹೋಟೆಲು, ಕೆಫೆಗಳು ಮೆನುವಿನಲ್ಲೇ ಕ್ಯಾಲೊರಿ ಬರೆಯಬೇಕು. ನಿಮ್ಮ ಚಿಕ್ಕ ಕೆಫೆಗೆ ಇದು ಅನ್ವಯಿಸದೇ ಇರಬಹುದು. ಆದರೂ ಅದೇ ತರಹದ ಪಾಸ್ತಾ ಮಾರುವ ಎರಡು ಮೂರು ದೊಡ್ಡ ಹೋಟೆಲುಗಳ ಮೆನು ಆನ್‌ಲೈನ್‌ನಲ್ಲಿ ತೆಗೆದು ನೋಡಿ. ಆ ಅಂಕಿಗಳು ಎಲ್ಲಿಂದ ಎಲ್ಲಿಯವರೆಗೆ ಹರಡಿವೆ ಅನ್ನೋದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಲೆಕ್ಕ ಅದರ ಆಸುಪಾಸಿನಲ್ಲಿ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ ಅಂತ.

ಆದರೆ ನಿಮ್ಮ ತಟ್ಟೆ ಬೇರೆ, ಅವರ ತಟ್ಟೆ ಬೇರೆ. ಹಾಗಾಗಿ ಊಟವನ್ನು ಬಿಡಿಸಿ ನೋಡೋದು ಕಲಿಯಲೇಬೇಕು. ಒಂದು ಸಲ ಊಟವನ್ನು ಪಾರ್ಸೆಲ್ ತಂದುಬಿಡಿ. ಹತ್ತು ಹದಿನೈದು ಪೌಂಡಿಗೆ ಸಿಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

ಮಶ್ರೂಮ್ ಕ್ರೀಮ್ ಪಾಸ್ತಾ ಅಂತಿಟ್ಟುಕೊಳ್ಳಿ. ಖಾಲಿ ಡಬ್ಬಿಯ ತೂಕ ಕಳೆದರೆ ಊಟ 440 ಗ್ರಾಂ ಬಂತು. ಫೋರ್ಕಿನಲ್ಲಿ ಪಾಸ್ತಾ ತುಂಡುಗಳನ್ನು ಎತ್ತಿ, ಸಾಸ್ ಆದಷ್ಟು ಡಬ್ಬಿಯಲ್ಲೇ ಸೋರಲು ಬಿಟ್ಟು, ಬೇರೆ ಬಟ್ಟಲಿಗೆ ಹಾಕಿ ತೂಗಿ. 290 ಗ್ರಾಂ ಬಂದರೆ ಅಂಟಿಕೊಂಡ ಸಾಸಿಗೆ ಒಂದಿಷ್ಟು ಬಿಟ್ಟು 270 ಅಂತ ಹಿಡಿಯಿರಿ. ಬೆಂದ ಪಾಸ್ತಾ ಒಣಗಿದ್ದಾಗ ಇದ್ದುದಕ್ಕಿಂತ ಸುಮಾರು ಎರಡೂಕಾಲು ಪಟ್ಟು ತೂಗುತ್ತದೆ. ಅಂದರೆ ಒಳಗೆ ಬಿದ್ದದ್ದು 120 ಗ್ರಾಂ ಒಣ ಪಾಸ್ತಾ. ಒಣ ಪಾಸ್ತಾದ 100 ಗ್ರಾಂಗೆ ಸುಮಾರು 355 ಕ್ಯಾಲೊರಿ. ಹಾಗಾಗಿ ಇಷ್ಟಕ್ಕೆ 425.

ಇಲ್ಲಿ ತುಂಬಾ ಜನ ಎಡವುತ್ತಾರೆ. ಆ್ಯಪ್‌ನಲ್ಲಿ ಪಾಸ್ತಾ ಅಂತ ಹುಡುಕಿದರೆ ಒಣದೂ ಬರುತ್ತದೆ, ಬೆಂದದ್ದೂ ಬರುತ್ತದೆ. ಬೆಂದ ಪಾಸ್ತಾ 100 ಗ್ರಾಂಗೆ 160ರ ಹತ್ತಿರ. ಬೆಂದ ತೂಕಕ್ಕೆ ಒಣ ಪಾಸ್ತಾದ ಅಂಕಿ ಹಾಕಿದರೆ ಲೆಕ್ಕ ದುಪ್ಪಟ್ಟು ದಾಟುತ್ತದೆ. ಇನ್ನೊಂದು ವಿಷಯ. ಇಲ್ಲಿನ ಪ್ಯಾಕೆಟ್ಟುಗಳ ಮೇಲೆ kJ ಮತ್ತು kcal ಎರಡೂ ಇರುತ್ತವೆ. ಮೊದಲು ಕಾಣೋದು ದೊಡ್ಡ ಅಂಕಿ, ಅದು kJ. ನಿಮಗೆ ಬೇಕಾದದ್ದು kcal.

ಈಗ ಸಾಸ್. ಲೆಕ್ಕ ತಪ್ಪೋದು ಹೆಚ್ಚಾಗಿ ಇಲ್ಲೇ. ಪಾಸ್ತಾ, ಬ್ರೆಡ್ಡು ಕಣ್ಣಿಗೆ ಕಾಣುತ್ತವೆ, ತೂಕಕ್ಕೂ ಸಿಗುತ್ತವೆ. ಬೆಣ್ಣೆ, ಎಣ್ಣೆ, ಕ್ರೀಮ್ ಕಾಣಲ್ಲ. ಬಿಸಿಬೇಳೆ ಬಾತಿಗೆ ತುಪ್ಪ ಎಷ್ಟು ಬಿತ್ತು ಅನ್ನೋದು ತಿಂದವರಿಗೆ ಹೇಗೆ ಗೊತ್ತಾಗಲ್ಲವೋ, ಹಾಗೇ ಇದು. ಕೊಬ್ಬಿಗೆ ಗ್ರಾಂಗೆ 9 ಕ್ಯಾಲೊರಿ. ಒಂದು ಊಟದ ಚಮಚ ಎಣ್ಣೆ ಅಂದರೆ 120. ಮಶ್ರೂಮ್ ಎಷ್ಟಿತ್ತು ಅಂತ ತಲೆ ಕೆಡಿಸಿಕೊಳ್ಳಬೇಡಿ. 100 ಗ್ರಾಂ ಹಸಿ ಮಶ್ರೂಮ್‌ಗೆ 20 ಕ್ಯಾಲೊರಿ ಅಷ್ಟೇ. ಅದು ಹೀರಿದ ಬೆಣ್ಣೆಯದ್ದೇ ಭಾರ.

ನಮ್ಮ ಡಬ್ಬಿಯಲ್ಲಿ ಪಾಸ್ತಾ 270, ಹುರಿದು ಮೆತ್ತಗಾದ ಮಶ್ರೂಮ್ 70 ಗ್ರಾಂ ಅಂದರೆ ಉಳಿದದ್ದು 100 ಗ್ರಾಂ. ಆ ನೂರರೊಳಗೆ ಕ್ರೀಮ್, ಬೆಣ್ಣೆ, ಚೀಸ್ ಮತ್ತು ಪಾಸ್ತಾ ಬೇಯಿಸಿದ ನೀರು ಇರುತ್ತವೆ. ಇಲ್ಲಿ ಅಂಗಡಿಯಲ್ಲಿ ಸಿಂಗಲ್ ಕ್ರೀಮ್, ಡಬಲ್ ಕ್ರೀಮ್ ಅಂತ ಎರಡು ಸಿಗುತ್ತವೆ. ಸಿಂಗಲ್‌ನಲ್ಲಿ ಕೊಬ್ಬು 18% ಆಸುಪಾಸು, ಡಬಲ್‌ನಲ್ಲಿ 48%. ಸಿಂಗಲ್ ಕ್ರೀಮ್ ಕುದಿಸಿದರೆ ಒಡೆಯುತ್ತದೆ. ಹಾಗಾಗಿ ಬಿಸಿ ಸಾಸ್ ನುಣುಪಾಗಿ, ದಪ್ಪಗೆ ಇದ್ದರೆ ನಾನು ಡಬಲ್ ಅಂತಲೇ ಹಿಡಿಯುತ್ತೇನೆ. 60 ಗ್ರಾಂ ಡಬಲ್ ಕ್ರೀಮ್‌ಗೆ ಸುಮಾರು 275, ಹುರಿಯಲು ಹಾಕಿದ 12 ಗ್ರಾಂ ಬೆಣ್ಣೆಗೆ 90, ಮೇಲೆ ತುರಿದ 15 ಗ್ರಾಂ ಪಾರ್ಮೆಸಾನ್‌ಗೆ 60. ಮಶ್ರೂಮ್‌ನ 20 ಸೇರಿಸಿದರೆ ಒಟ್ಟು 870.

ಈ 870 ಅನ್ನೋದನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಬೆಣ್ಣೆ, ಚೀಸ್ ಅಷ್ಟೇ ಇದ್ದು, ಉಳಿದದ್ದೆಲ್ಲ ನೀರಿಲ್ಲದ ಕ್ರೀಮೇ ಆಗಿದ್ದರೆ ಎಷ್ಟು? 73 ಗ್ರಾಂ, ಅಂದರೆ ಲೆಕ್ಕ 930ರ ಹತ್ತಿರ ಹೋಗುತ್ತದೆ. ಕ್ರೀಮ್ 40 ಗ್ರಾಂ ಮಾತ್ರ ಇದ್ದರೆ 780ಕ್ಕೆ ಇಳಿಯುತ್ತದೆ. ಹಾಗಾಗಿ ನಾನಾದರೆ 780ರಿಂದ 950 ಅಂತ ಬರೆದು, ಆ್ಯಪ್‌ಗೆ 900 ಹಾಕುತ್ತಿದ್ದೆ. ಹೊರಗಿನ ಊಟದಲ್ಲಿ ಕೊಬ್ಬನ್ನು ಕಮ್ಮಿ ಅಂದಾಜು ಮಾಡುವ ಸಾಧ್ಯತೆಯೇ ಜಾಸ್ತಿ. ಅದಕ್ಕೇ ಸ್ವಲ್ಪ ಮೇಲಕ್ಕೆ. ಪಕ್ಕದಲ್ಲಿ ಎರಡು ತುಂಡು ಗಾರ್ಲಿಕ್ ಬ್ರೆಡ್ ಕೊಟ್ಟಿದ್ದರೆ ಇನ್ನೂ 200 ಸೇರಿಸಿ.

ಸಾಸಿನಲ್ಲಿ ಕೊಬ್ಬು ಎಷ್ಟಿದೆ ಅನ್ನೋದಕ್ಕೆ ಡಬ್ಬಿಯೇ ಸುಳಿವು ಕೊಡುತ್ತದೆ. ತಳದಲ್ಲಿ ಉಳಿದ ಸಾಸನ್ನು ಫ್ರಿಜ್‌ನಲ್ಲಿ ಇಟ್ಟು ಅರ್ಧ ಗಂಟೆ ಬಿಟ್ಟು ನೋಡಿ. ಬೆಣ್ಣೆಯ ಹಾಗೆ ಗಟ್ಟಿಯಾಗಿ, ಅಂಚಿನಲ್ಲಿ ಹಳದಿ ಪದರ ಕಂಡರೆ ಕೊಬ್ಬು ಧಾರಾಳವಾಗಿ ಬಿದ್ದಿದೆ. ತೆಳ್ಳಗೇ ಉಳಿದರೆ ಹಾಲೋ ಪಾಸ್ತಾ ನೀರೋ ಜಾಸ್ತಿ ಇದೆ. ಮೈದಾ ಹಾಕಿದ ಬಿಳಿ ಸಾಸೂ ಗಟ್ಟಿಯಾಗುತ್ತದೆ. ಆದರೆ ಅದು ಲೋಳೆಲೋಳೆಯಾಗಿ, ಪುಡಿಂಗ್ ತರಹ ಕೂರುತ್ತದೆ, ಹಳದಿ ಪದರ ಅಷ್ಟಾಗಿ ಕಾಣಲ್ಲ. ಅದರಲ್ಲಿ ಹಾಲೇ ಮುಖ್ಯ ಆದ್ದರಿಂದ ಕ್ಯಾಲೊರಿ ಡಬಲ್ ಕ್ರೀಮ್‌ಗಿಂತ ಎಷ್ಟೋ ಕಮ್ಮಿ.

ಸ್ಯಾಂಡ್‌ವಿಚ್ ಇದಕ್ಕಿಂತ ಸುಲಭ, ಬಿಚ್ಚಿ ಇಟ್ಟರೆ ಮುಗೀತು. ಬ್ರೆಡ್ ಎರಡು ಹೋಳು 90 ಗ್ರಾಂ ಇದ್ದರೆ 215. ಚೆಡ್ಡಾರ್ 60 ಗ್ರಾಂಗೆ 250. ಬ್ರೆಡ್ಡಿಗೆ ಸವರಿದ ಬೆಣ್ಣೆ 10 ಗ್ರಾಂಗೆ 75, ಮೇಯೊನೀಸ್ ಒಂದು ಊಟದ ಚಮಚಕ್ಕೆ 100. ಒಟ್ಟು 640. ಟೊಮೆಟೊ, ಲೆಟ್ಯೂಸ್ ಲೆಕ್ಕಕ್ಕೇ ಬೇಡ. ಟೋಸ್ಟ್ ಮಾಡಿಸಿದ್ದರೆ ಹೊರಮೈಯನ್ನು ಟಿಶ್ಯೂ ಕಾಗದಕ್ಕೆ ಒತ್ತಿ ನೋಡಿ. ಜಿಡ್ಡಿನ ಕಲೆ ಅಗಲವಾಗಿ ಹರಡಿದರೆ ಹೊರಗೂ ಬೆಣ್ಣೆ ಹಚ್ಚಿದ್ದಾರೆ ಅಂತ. ಇನ್ನೊಂದು 75 ಸೇರಿಸಿ. ಸೂಪರ್‌ಮಾರ್ಕೆಟ್ಟಿನ ತ್ರಿಕೋನ ಪ್ಯಾಕೆಟ್ಟಿನ ಸ್ಯಾಂಡ್‌ವಿಚ್ ಆದರೆ ಇದೆಲ್ಲ ಬೇಡ, ಹಿಂದೆಯೇ ಬರೆದಿರುತ್ತದೆ. ಅದರಲ್ಲಿ ಅರ್ಧಕ್ಕೋ ಇಡೀ ಪ್ಯಾಕೆಟ್ಟಿಗೋ ಅನ್ನೋದನ್ನು ಮಾತ್ರ ನೋಡಿಕೊಳ್ಳಿ.

ದಿನಾ ಹೀಗೆ ತೂಗಬೇಕಾಗಿಲ್ಲ. ನೀವು ಮತ್ತೆ ಮತ್ತೆ ತಿನ್ನುವ ಮೂರು ನಾಲ್ಕು ತಿಂಡಿಗಳನ್ನು ಒಮ್ಮೆ ಬಿಡಿಸಿ, ಫೋಟೊ ತೆಗೆದು, ಅಂಕಿ ಬರೆದಿಟ್ಟರೆ ಸಾಕು. ಕೆಫೆಯವರ ಹತ್ತಿರ ಪೂರ್ತಿ ರೆಸಿಪಿ ಕೇಳೋಕೆ ಸಂಕೋಚ ಆದರೆ ಒಂದೇ ಪ್ರಶ್ನೆ ಕೇಳಿ: "ಸಾಸ್‌ಗೆ ಡಬಲ್ ಕ್ರೀಮಾ, ಹಾಲಾ?" ಕೌಂಟರ್‌ನಲ್ಲಿರುವವರಿಗೆ ಗೊತ್ತಿಲ್ಲದಿದ್ದರೆ ಒಳಗೆ ಕೇಳಿ ಬಂದು ಹೇಳುತ್ತಾರೆ. ಆ ಒಂದು ಉತ್ತರದಿಂದಲೇ ನಿಮ್ಮ ಅಂದಾಜು ನೂರಿನ್ನೂರು ಕ್ಯಾಲೊರಿಯಷ್ಟು ಸರಿಹೋಗುತ್ತದೆ.